ಬೋಲ್ಟಿನ ಕೊನೆಯ ಸುತ್ತು

ಹಳೆಯ ಪರಿಹಾರವನ್ನು ಬದಿಗಿಟ್ಟು, ಈ ಕೆಲಸಕ್ಕೆ ನಿಜಕ್ಕೂ ಬೇಕಾದದ್ದೇನು ಎಂದು ಬುಡದಿಂದ ಕೇಳುವುದೇ ಮೂಲತತ್ವ ಚಿಂತನೆ. 1969ರಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ 1000 ಟನ್ ಪ್ರೆಸ್ಸಿನ ಅಚ್ಚು ಬದಲಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. ಜರ್ಮನಿಯ ಫೋಕ್ಸ್‌ವ್ಯಾಗನ್‌ನಲ್ಲಿ ಎರಡು. ಅಲ್ಲಿಯ ಕ್ರಮವನ್ನೇ ನಕಲು ಮಾಡಿದ್ದರೆ ಹೆಚ್ಚೆಂದರೆ ಆ ಎರಡು ಗಂಟೆಗೆ ಇಳಿಯುತ್ತಿತ್ತು, ಅಷ್ಟೆ.

ಸಲಹೆಗಾರ ಶಿಗೆಯೊ ಶಿಂಗೊ ಪ್ರತಿ ಹಂತಕ್ಕೂ ಹಾಕಿದ ಪ್ರಶ್ನೆ ಒಂದೇ: ಇದಕ್ಕೆ ಯಂತ್ರ ನಿಲ್ಲಲೇಬೇಕೇ? ಅಚ್ಚನ್ನು ಕಳಚಿ ಕೂರಿಸಲು ನಿಲ್ಲಬೇಕು. ಹೊಸ ಅಚ್ಚು ತರಲು, ಸ್ಪ್ಯಾನರ್ ಹುಡುಕಲು ಬೇಡ. ಅವನ್ನು ಯಂತ್ರ ಓಡುತ್ತಿರುವಾಗಲೇ ಮುಗಿಸಿಡಬಹುದು. ಬೋಲ್ಟನ್ನು ಎಷ್ಟು ಸುತ್ತು ತಿರುಗಿಸಿದರೂ ಬಿಗಿಯುವುದು ಕೊನೆಯ ಸುತ್ತಿನಲ್ಲೇ; ಹಾಗಾದರೆ ಒಂದೇ ಸುತ್ತಿಗೆ ಬಿಗಿಯುವ ಹಿಡಿಕೆ ಸಾಕಲ್ಲವೇ? ಇಷ್ಟು ಬಿಡಿಸಿ ನೋಡಲು ತಿಂಗಳುಗಳೇ ಬೇಕು. ಅಪರೂಪದ ತೊಡಕಿಗೆ ಹಳೆಯ ದಾರಿಯೇ ಅಗ್ಗ. ಟೊಯೋಟಾದಲ್ಲಿ ಅವಧಿ ಮೊದಲು 90 ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ಇಳಿಯಿತು.