ದೊಡ್ಡ ಸಂಖ್ಯೆಯ ಅಪವರ್ತನವನ್ನು ಕಂಡುಹಿಡಿಯುವ ಒಂದು ಉಪಾಯ

20467 ಎಂಬ ಸಂಖ್ಯೆಯ ಅಪವರ್ತನಗಳಾವುವು? ನಾವು ಶಾಲೆಯಲ್ಲಿ ಕಲಿತ ಕ್ರಮವೆಂದರೆ 2, 3, 5, 7 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗುವುದು. ಇಪ್ಪತ್ತೈದನೆಯ ಭಾಗಾಕಾರದಲ್ಲಿ 97 ದೊರೆಯುವುದು. ಆದರೆ ಅಪವರ್ತನವೇ ಹದಿನಾರು ಅಂಕೆಗಳದ್ದಾದರೆ ಈ ದಾರಿಯು ಸಾಗದು. ಇದಕ್ಕೆ ಜಾನ್ ಪೊಲಾರ್ಡ್ ಎಂಬ ಆಂಗ್ಲ ಗಣಿತಜ್ಞರು 1975ರಲ್ಲಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು.

2ರಿಂದ ಹೊರಡಿರಿ. ಅದನ್ನು ವರ್ಗಮಾಡಿ 1 ಕೂಡಿಸಿರಿ. ಫಲವು 20467ನ್ನು ಮೀರಿದರೆ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. ಹೀಗೆಯೇ ಮುಂದುವರಿಸಿದರೆ 2, 5, 26, 677, 8056, 18747, 11153 ಎಂಬ ಸಾಲು ಬರುವುದು. ನೋಟಕ್ಕೆ ಇದು ಗೊತ್ತುಗುರಿಯಿಲ್ಲದ ಅಲೆದಾಟ. ಆದರೆ ಇವನ್ನೇ 97ರಿಂದ ಭಾಗಿಸಿದರೆ ಉಳಿಯುವ ಶೇಷಗಳು 2, 5, 26, 95, 5, 26, 95. ಮೊದಲನೆಯದನ್ನು ಬಿಟ್ಟರೆ ಮಿಕ್ಕವು ಚಕ್ರದಂತೆ ಸುತ್ತುತ್ತಿವೆ. ಬಾಲವೂ ಬಳೆಯೂ ಕೂಡಿದ ಈ ಆಕಾರವು ಗ್ರೀಕರ 'ರೋ' ಅಕ್ಷರವನ್ನು ಹೋಲುವುದರಿಂದ ಈ ಕ್ರಮಕ್ಕೆ ಅದೇ ಹೆಸರಾಯಿತು.

97 ನಮಗೆ ತಿಳಿಯದಿರುವಾಗ ಈ ಗುಪ್ತ ಚಕ್ರವನ್ನು ಕಾಣುವುದೆಂತು? ಒಂದೇ ಹಾದಿಯಲ್ಲಿ ಇಬ್ಬರನ್ನು ನಡೆಸಬೇಕು. ಒಬ್ಬನು ಒಂದು ಹೆಜ್ಜೆಯಿಟ್ಟಾಗ ಇನ್ನೊಬ್ಬನು ಎರಡಿಡಲಿ. ಬಳೆಯೊಳಗೆ ಸೇರಿದ ಮೇಲೆ ವೇಗಿಯು ನಿಧಾನಿಯನ್ನು ಹಿಡಿದೇ ಹಿಡಿಯುವನು. ಆಗ ಇಬ್ಬರ ಶೇಷವೂ ಒಂದೇ ಆಗಿರುವುದರಿಂದ ಅವರ ಸಂಖ್ಯೆಗಳ ವ್ಯತ್ಯಾಸವು 97ರಿಂದ ನಿಶ್ಶೇಷವಾಗಿ ಭಾಗವಾಗುವುದು. ಆದಕಾರಣ ಪ್ರತಿ ಸಲವೂ ಆ ವ್ಯತ್ಯಾಸಕ್ಕೂ 20467ಕ್ಕೂ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿದರೆ ಸಾಕು. ಮೊದಲು 5 ಮತ್ತು 26: ವ್ಯತ್ಯಾಸ 21, ಫಲ 1. ಬಳಿಕ 26 ಮತ್ತು 8056: ವ್ಯತ್ಯಾಸ 8030, ಫಲ 1. ಮೂರನೆಯ ಸಲ 677 ಮತ್ತು 11153: ವ್ಯತ್ಯಾಸ 10476, ಫಲ 97! ಉಳಿದ ಅಪವರ್ತನ 211.

ಇಷ್ಟು ಬೇಗನೆ ದೊರೆಯಲು ಕಾರಣವೇನು? ಒಂದು ಕೊಠಡಿಯಲ್ಲಿ 23 ಜನರಿದ್ದರೆ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವವು ಅರ್ಧಕ್ಕಿಂತ ಹೆಚ್ಚು. 365 ಜನರು ಬೇಕಿಲ್ಲ. ಹಾಗೆಯೇ ಶೇಷವೊಂದು ಮರಳಿ ಬರಲು ಅಪವರ್ತನದಷ್ಟು ಹೆಜ್ಜೆಗಳು ಬೇಡ. ಸುಮಾರಾಗಿ ಅದರ ವರ್ಗಮೂಲದಷ್ಟು ಸಾಕು. 1980ರಲ್ಲಿ ರಿಚರ್ಡ್ ಬ್ರೆಂಟ್ ಮತ್ತು ಪೊಲಾರ್ಡ್ ಇವರು ಈ ನಡಿಗೆಯನ್ನು ತಕ್ಕಂತೆ ಮಾರ್ಪಡಿಸಿ, 2ರ 256ನೆಯ ಘಾತಕ್ಕೆ 1 ಕೂಡಿಸಿದಾಗ ಬರುವ 78 ಅಂಕೆಗಳ ಸಂಖ್ಯೆಯಲ್ಲಿ 1238926361552897 ಎಂಬ ಅಪವರ್ತನವನ್ನು ಕಂಡರು. ಇದರ ವರ್ಗಮೂಲವು ಸುಮಾರು ಮೂರೂವರೆ ಕೋಟಿ ಮಾತ್ರ.

ಈ ಉಪಾಯಕ್ಕೂ ಮೇರೆಯುಂಟು. ಕೆಲವೊಮ್ಮೆ ಎರಡು ಅಪವರ್ತನಗಳ ಚಕ್ರಗಳೂ ಒಮ್ಮೆಗೇ ಕೂಡಿ, ಫಲವಾಗಿ ಮೂಲಸಂಖ್ಯೆಯೇ ಬರುವುದು. ಆಗ 1ರ ಬದಲು 3ನ್ನು ಕೂಡಿಸಿ ಪುನಃ ಹೊರಡಬೇಕು. ಸಂಖ್ಯೆಯೇ ಅವಿಭಾಜ್ಯವಾಗಿದ್ದರೆ ಎಷ್ಟು ನಡೆದರೂ ವ್ಯರ್ಥ. ಅದನ್ನು ಮೊದಲೇ ಬೇರೆ ಪರೀಕ್ಷೆಯಿಂದ ತಿಳಿಯತಕ್ಕದ್ದು. ಅತಿ ಚಿಕ್ಕ ಅಪವರ್ತನವೇ ಐವತ್ತು ಅಂಕೆಗಳದ್ದಾದರೆ, ಅದರ ವರ್ಗಮೂಲವೂ ನಡೆದು ಮುಗಿಸಲಾಗದಷ್ಟು ದೂರ.