ಮಾಳಿಗೆಯ ಬಿಸಿಲನ್ನು ಹಂಚಿಕೊಳ್ಳುವ ಬಗೆ

ಸೌರ ಫಲಕಗಳನ್ನು ಕೂರಿಸಿದ ಮೇಲೆ ಮಾಳಿಗೆಯಲ್ಲಿ ಬಟ್ಟೆ ಒಣಹಾಕಲು ಎಡೆಯಿಲ್ಲವೆಂದು ಮರುಗುವುದಕ್ಕಿಂತ, ಮೊದಲೇ ನೆರಳನ್ನು ಅಳೆಯುವುದು ಲೇಸು.

ಪುಣೆಯ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಡಿಸೆಂಬರ್ 21ರ ಬೆಳಿಗ್ಗೆ 9.30ಕ್ಕೆ ಯಾವ ವಸ್ತುವಿನ ನೆರಳಾದರೂ ಅದರ ಎತ್ತರದ ಸುಮಾರು 1.8 ಪಟ್ಟು ಉದ್ದವಾಗಿ ವಾಯವ್ಯಕ್ಕೆ ಚಾಚುತ್ತದೆ, ಮಧ್ಯಾಹ್ನ 3.30ಕ್ಕೆ ಅಷ್ಟೇ ಉದ್ದವಾಗಿ ಈಶಾನ್ಯಕ್ಕೆ ಹೊರಳುತ್ತದೆ. ಆಗ್ನೇಯ ಮೂಲೆಯಲ್ಲಿ 10 ಅಡಿ ಎತ್ತರದ ನೀರಿನ ತೊಟ್ಟಿಯಿದ್ದರೆ ಅದರ ನೆರಳು 18 ಅಡಿಯವರೆಗೆ ಹರಿಯುವುದು. ಫಲಕದ ಕೋಶಗಳು ಒಂದಕ್ಕೊಂದು ಸರಣಿಯಾಗಿ ಜೋಡಣೆಗೊಂಡಿರುವುದರಿಂದ, ಅಂಚಿಗೆ ಬಿದ್ದ ನೆರಳು ಕೂಡ ಆ ಸರಣಿಯ ವಿದ್ಯುತ್ತನ್ನೆಲ್ಲ ಕುಗ್ಗಿಸುತ್ತದೆ.

ಆದಕಾರಣ ಎತ್ತರದವು ಉತ್ತರಕ್ಕಿರಬೇಕು, ಫಲಕಗಳು ದಕ್ಷಿಣಕ್ಕಿರಬೇಕು. ತಣ್ಣೀರು ತಾನಾಗಿ ಹರಿದುಬರಬೇಕಾದರೆ ಅದರ ತೊಟ್ಟಿಯು ನೀರು ಕಾಯಿಸುವ ಸೌರಯಂತ್ರದ ಬಿಸಿನೀರಿನ ತೊಟ್ಟಿಗಿಂತ ಮೇಲಿರತಕ್ಕದ್ದು. ಮೆಟ್ಟಿಲ ಕೋಣೆಯು ಉತ್ತರಕ್ಕಿದ್ದು ಭಾರವನ್ನು ತಡೆಯುವಂತಿದ್ದರೆ ಅದರ ನೆತ್ತಿಯೇ ಇವೆರಡಕ್ಕೂ ಯೋಗ್ಯಸ್ಥಾನ. ತಣ್ಣೀರಿನ ತೊಟ್ಟಿ ಯಂತ್ರದ ಹಿಂದೆ, ಉತ್ತರಕ್ಕೆ ಇರಲಿ.

ಫಲಕಗಳನ್ನು ಕೆಳ ಅಂಚು 7 ಅಡಿ ಎತ್ತರದಲ್ಲಿರುವಂತೆ ಕಬ್ಬಿಣದ ಚೌಕಟ್ಟಿನ ಮೇಲೇರಿಸಿದರೆ, ಕೈಪಿಡಿ ಗೋಡೆಯ ನೆರಳು ಅವನ್ನು ಮುಟ್ಟದು. ಅಡಿಯಲ್ಲಿ ಓಡಾಡಲೂ ಬಟ್ಟೆ ಒಣಹಾಕಲೂ ಬರುವುದು. ಹಪ್ಪಳಕ್ಕೆ ಮಾತ್ರ ತೆರೆದ ಬಿಸಿಲಿನ ಒಂದು ಭಾಗವನ್ನು ಉಳಿಸಿಕೊಳ್ಳಬೇಕು.

ಎತ್ತರಿಸಿದಷ್ಟೂ ಗಾಳಿಯ ಸೆಳೆತ ಹೆಚ್ಚು. ಚೌಕಟ್ಟಿನ ಕಾಲುಗಳನ್ನು ಕಂಬ ಇಲ್ಲವೆ ತೊಲೆಗಳ ಮೇಲೆಯೇ ಬಿಗಿಯಬೇಕು. ನೀರು ತಡೆಯುವ ಗಾರೆಯನ್ನು ಕೊರೆದು ಹಾಗೆಯೇ ಬಿಟ್ಟರೆ, ಮುಂದಿನ ಮಳೆಗಾಲದಲ್ಲಿ ಒಳಚಾವಣಿಯ ಮೇಲೆ ಮೂಡುವ ತೇವದ ಕಲೆಯೇ ಆ ತಪ್ಪನ್ನು ಸಾರುವುದು.