‘ಮನೆ ನೀವೇ ತಗೊಳ್ತೀರಾ?’ ಎಂದು ಓನರ್ ಕೇಳಿದರೆ

‘ಫ್ಲಾಟ್ ಮಾರೋಣ ಅಂತಿದ್ದೀನಿ. ಹೊರಗಿನವರಿಗೆ ಹೇಳೋ ಮೊದಲು ನಿಮ್ಮನ್ನೇ ಕೇಳ್ತಿದ್ದೀನಿ. ಏನಂತೀರಿ?’ ಬೆಂಗಳೂರಿನಲ್ಲಿ ವರ್ಷಾನುಗಟ್ಟಲೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದವರಿಗೆ ಈ ಪ್ರಶ್ನೆ ಹೊಸದಲ್ಲ. ಇದು ಓನರ್ ತೋರುವ ಸೌಜನ್ಯವೇ ಹೊರತು ನಮ್ಮ ಹಕ್ಕಲ್ಲ. ಕರಾರಿನಲ್ಲಿ ಬರೆದಿಲ್ಲದಿದ್ದರೆ ಅವರು ಯಾರಿಗಾದರೂ ಮಾರಬಹುದು. ಹಾಗೆಂದು ಗಾಬರಿ ಬೇಡ. ನಿಮಗೇ ಮಾರಿದರೆ ಅವರಿಗೂ ಬ್ರೋಕರ್ ಕಮಿಷನ್ ಉಳಿಯುತ್ತದೆ, ಮನೆ ತಿಂಗಳುಗಟ್ಟಲೆ ಖಾಲಿ ಬೀಳುವುದೂ ತಪ್ಪುತ್ತದೆ.

ಉತ್ತರ ಕೊಡುವ ಮೊದಲು ಮನೆಯಲ್ಲಿ ಕೂತು ಒಂದು ಲೆಕ್ಕ ಹಾಕಿ. ಓನರ್ 80 ಲಕ್ಷ ಹೇಳಿದ್ದಾರೆ, ನಿಮ್ಮ ಬಾಡಿಗೆ 24,000 ಎಂದುಕೊಳ್ಳಿ. ಬ್ಯಾಂಕಿನವರು ಹೆಚ್ಚೆಂದರೆ ಶೇ 80, ಅಂದರೆ 64 ಲಕ್ಷ ಸಾಲ ಕೊಟ್ಟಾರು. ಉಳಿದ 16 ಲಕ್ಷ ಕೈಯಿಂದ ಹೋಗಬೇಕು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, 2025ರ ಆಗಸ್ಟ್ ಕೊನೆಯಲ್ಲಿ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಇನ್ನೂ ಸುಮಾರು 6 ಲಕ್ಷ. ಶೇ 8.5ರ ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ 55,500 ರೂಪಾಯಿಯಷ್ಟಾಗುತ್ತದೆ. ಕೈಯಲ್ಲಿ 22 ಲಕ್ಷ ಇದೆಯೇ, ಬಾಡಿಗೆಯ ಎರಡು ಪಟ್ಟಿಗೂ ಮೀರಿದ ಕಂತು ತಡೆದೀತೇ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆ ಬೆಲೆಯ ಮಾತು.

ಆದ್ದರಿಂದ ಮೊದಲ ಉತ್ತರದಲ್ಲಿ ಮೊತ್ತ ಹೇಳಬೇಡಿ. ‘ಮನೆ ಬಿಟ್ಟು ಹೋಗೋಕೆ ಮನಸ್ಸೇ ಇಲ್ಲ’ ಎಂದೂ ಹೇಳಬೇಡಿ, ಚೌಕಾಶಿಗೆ ದಾರಿಯೇ ಉಳಿಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಸಾಕು: ‘ಮೊದಲು ನಮ್ಮನ್ನು ಕೇಳಿದ್ದು ಸಂತೋಷ ಸರ್. ಆಸಕ್ತಿ ಇದೆ. ಕ್ರಯಪತ್ರ, ಖಾತಾ, ಇಸಿ, ತೆರಿಗೆ ರಸೀದಿಗಳ ಜೆರಾಕ್ಸ್ ಕೊಟ್ಟರೆ ವಕೀಲರಿಗೂ ಬ್ಯಾಂಕಿಗೂ ತೋರಿಸಿ ಮೂರು ವಾರದಲ್ಲಿ ತಿಳಿಸ್ತೀವಿ. ಅಲ್ಲಿಯವರೆಗೆ ಬಾಡಿಗೆ ಎಂದಿನಂತೆ ಕೊಡ್ತೀವಿ.’

ಪತ್ರಗಳು ಬಂದಾಗ ಮೊದಲು ಹೆಸರು ನೋಡಿ. ಬಾಡಿಗೆ ಕರಾರಿಗೆ ಮಗ ಸಹಿ ಹಾಕಿರುತ್ತಾರೆ, ಫ್ಲಾಟ್ ತಾಯಿಯ ಹೆಸರಲ್ಲಿರುತ್ತದೆ. ತಾಯಿ ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ಆಮೇಲೆ ಮೂಲ ಕ್ರಯಪತ್ರ ಯಾರ ಬಳಿ ಇದೆಯೆಂದು ಕೇಳಿ. ಬ್ಯಾಂಕಿನಲ್ಲಿದ್ದರೆ ಸಾಲ ಬಾಕಿ ಇರಬಹುದು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಓನರ್ ವಿದೇಶದಲ್ಲಿ ನೆಲೆಸಿದ್ದರೆ ಮೊದಲೇ ಹೇಳಲಿ. ಇಲ್ಲಿಯವರಾದರೆ, 50 ಲಕ್ಷ ಮತ್ತು ಮೇಲ್ಪಟ್ಟ ಮನೆಗೆ ನೀವು ಹಿಡಿದು ಕಟ್ಟಬೇಕಾದ ಟಿಡಿಎಸ್ ಶೇ 1. ಅನಿವಾಸಿಗಳಿಗೆ ಅದು ಬಹಳ ಹೆಚ್ಚು.

ಈ ನಡುವೆ ‘ನಿಮ್ಮ ಅಡ್ವಾನ್ಸ್ ಇದೆಯಲ್ಲ, ಅದನ್ನೇ ಟೋಕನ್ ಅಂದ್ಕೊಳ್ಳೋಣ’ ಎಂಬ ಮಾತು ಬಂದರೆ ಒಪ್ಪಬೇಡಿ. ವ್ಯವಹಾರ ಮುರಿದರೆ ಮನೆ ಬಿಡುವಾಗ ವಾಪಸ್ ಬರಬೇಕಾದ ಹಣವೇ ಜಗಳಕ್ಕೆ ಸಿಕ್ಕಿಕೊಳ್ಳುತ್ತದೆ. ಅಡ್ವಾನ್ಸ್ ಬಾಡಿಗೆಯ ಲೆಕ್ಕದಲ್ಲೇ ಇರಲಿ. ಅದನ್ನು ಬೆಲೆಯಲ್ಲಿ ಕಳೆಯುವುದಾದರೆ ಕ್ರಯದ ಕರಾರಿನಲ್ಲಿ ಬರೆದೇ ಕಳೆಯಲಿ.